ಮುಖಪುಟಕ್ಕೆ ಆ ಫೋಟೋನೇ ಬೇಕು

ಅಕ್ಕನ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗುಂಡಿ ಡಬ್ಬಗಳಿಗೂ ಬಟ್ಟೆಯ ಸುರುಳಿಗಳಿಗೂ ನಡುವೆ ಒಂದು ಮೇಜು ಹಾಕಿದ್ದರೆ, ಆ ಮೇಜಿನ ಮೇಲೆ ಒಂದು ಲ್ಯಾಪ್‌ಟಾಪೂ ಪಕ್ಕದಲ್ಲಿ ಹಳೆಯದೊಂದು ದೊಡ್ಡ ಪರದೆಯೂ ಇದ್ದರೆ, ಅದನ್ನು ಆಫೀಸು ಅನ್ನಬಹುದು. ಅವನು ಅನ್ನುತ್ತಿದ್ದ. ಅಕ್ಕ ಅದನ್ನು ಗೂಡು ಅನ್ನುತ್ತಿದ್ದಳು. ಹತ್ತು ತಿಂಗಳಿಂದ ಅವನು ಬೆಳಿಗ್ಗೆ ಎಂಟಕ್ಕೆ ಆ ಗೂಡು ಹೊಕ್ಕರೆ, ಅಕ್ಕ ಶಟರ್ ಎಳೆಯುವ ಹೊತ್ತಿಗೆ ಹೊರಬೀಳುತ್ತಿದ್ದ. ನಡುವೆ ಮಾತಿಲ್ಲ, ಕತೆಯಿಲ್ಲ.

ಒಂಬತ್ತನೇ ಕ್ಲಾಸಿಗೆ ಶಾಲೆಗೆ ಸಲಾಂ ಹೊಡೆದವನು. ಸೈಬರ್ ಅಂಗಡಿಯೊಂದರಲ್ಲಿ ಪ್ರಿಂಟ್ ತೆಗೆದುಕೊಡುತ್ತಾ, ಅಲ್ಲೇ ಕೂತು ಕದ್ದುಮುಚ್ಚಿ ವೆಬ್‌ಸೈಟ್ ಕಟ್ಟುವುದನ್ನು ಕಲಿತವನು. ಇವತ್ತಿಗೆ ನಲವತ್ತೆರಡು ವೆಬ್‌ಸೈಟ್ ಕಟ್ಟಿದ್ದಾನೆ. ಆದರೂ ಹೊಸ ಗಿರಾಕಿ ಬಂದು "ಎಲ್ಲಿ ಓದಿದ್ದು?" ಅಂತ ಕೇಳಿದಾಗಲೆಲ್ಲ ಅವನ ಕಿವಿ ಬಿಸಿಯಾಗುತ್ತದೆ. ಓದದವನಿಗೆ ಓದಿದವರಿಗಿಂತ ಹೆಚ್ಚು ನೇಮ ಬೇಕಾಗುತ್ತದೆ ಅಂತ ಅವನಿಗೆ ಬೇಗನೆ ಗೊತ್ತಾಗಿತ್ತು. ಅದಕ್ಕೇ ಅವನದು ಏಳು ನೇಮ. ಬರವಣಿಗೆಯಲ್ಲಿ ಇಲ್ಲದ್ದನ್ನು ಕಟ್ಟುವುದಿಲ್ಲ, ಎರಡು ಸಲಕ್ಕಿಂತ ಹೆಚ್ಚು ತಿದ್ದುವುದಿಲ್ಲ, ಹೀಗೆ. ಏಳರಲ್ಲಿ ಆರನೆಯದು: ಫೋಟೋದಲ್ಲಿರುವವರು ಒಪ್ಪಿದ್ದಾರೆ ಅಂತ ಬರವಣಿಗೆಯಲ್ಲಿ ಕೈಗೆ ಬರುವವರೆಗೆ ಫೋಟೋ ಏರಿಸುವುದಿಲ್ಲ.

ಆ ಸೋಮವಾರ ಬಂದ ಇಮೇಲ್ ಹೀಗಿತ್ತು:

"ಅಣ್ಣಾ ನಮಸ್ತೆ. ನೆನಪಿದೆಯಾ? ನಾನು ಫೋಟೋಗ್ರಾಫರ್, ನಿಮ್ಮ ಮದುವೆ ತೆಗೆದವನು. ಎಲ್ಲರೂ ಫ್ಲ್ಯಾಶ್ ಅಂತಾರಲ್ಲ, ಅವನೇ. ಅವತ್ತು ಊಟದ ಹೊತ್ತಲ್ಲಿ ನೀವು 'ವೆಬ್‌ಸೈಟ್ ಮಾಡ್ಸೋದಾದ್ರೆ ನನ್ನ ಬಿಟ್ಟು ಬೇರೆಯವರ ಹತ್ರ ಹೋದ್ರೆ ನೋಡು' ಅಂದಿದ್ರಿ. ನಾಲ್ಕು ವರ್ಷ ಆದ ಮೇಲೆ ಬಂದಿದ್ದೀನಿ.

ನನಗೆ ಬೇಕಿರೋದು ಇಷ್ಟು. ಮುಖಪುಟ, ಫೋಟೋ ಗ್ಯಾಲರಿ, ವಿಡಿಯೋ ಪುಟ, ನನ್ನ ಬಗ್ಗೆ ಒಂದು ಪುಟ, ಸಂಪರ್ಕ. ಗ್ಯಾಲರಿಗೆ ಫೋಟೋ ನಾನೇ ಏರಿಸೋ ಹಾಗಿರಬೇಕು, ಪ್ರತಿ ಸಲ ನಿಮ್ಮ ತಲೆ ತಿನ್ನೋಕಾಗಲ್ಲ. ಸಂಪರ್ಕದ ಫಾರ್ಮಲ್ಲಿ ಮದುವೆ ದಿನಾಂಕ, ಜಾಗ, ಎಷ್ಟು ಜನ ಅಂತ ಕೇಳಬೇಕು. ದಿನಾಂಕ ಇಲ್ಲದ ವಿಚಾರಣೆಗಳಿಗೆ ಉತ್ತರ ಕೊಟ್ಟೂ ಕೊಟ್ಟೂ ಸಾಕಾಗಿದೆ. ನನ್ನ ಹತ್ರ ಬರೋರೆಲ್ಲ ಫೋನಲ್ಲೇ ನೋಡೋದು, ಫೋನಲ್ಲಿ ಬೇಗ ತೆರೀಬೇಕು. ಆಗೋದಾದ್ರೆ, ಗಿರಾಕಿಗಳು ಪಾಸ್‌ವರ್ಡ್ ಹಾಕಿ ಅವರವರ ಆಲ್ಬಮ್ ಆರಿಸೋ ವ್ಯವಸ್ಥೆ. ಡೊಮೇನ್ ಹೆಸರು ತಗೊಂಡಿದ್ದೀನಿ, ವೆಬ್‌ಸೈಟ್ ಇಡೋಕೆ ಹೋಸ್ಟಿಂಗ್ ಜಾಗ ತಗೊಂಡಿಲ್ಲ.

ಬಜೆಟ್ ನಲವತ್ತು ಸಾವಿರ, ಮೊದಲ ವರ್ಷದ ಹೋಸ್ಟಿಂಗೂ ಅದರಲ್ಲೇ. ಸಮಯ ಆರು ವಾರ. ಏಳನೇ ವಾರ ಮದುವೆ ವ್ಯಾಪಾರಗಳ ಮೇಳ ಇದೆ, ನಾನು ಸ್ಟಾಲ್ ಹಾಕ್ತಿದ್ದೀನಿ, ಅಷ್ಟರಲ್ಲಿ ವೆಬ್‌ಸೈಟ್ ಓಡ್ತಿರಬೇಕು.

ಒಂದೇ ಒಂದು ಹಟ. ಮುಖಪುಟಕ್ಕೆ ಈ ಫೋಟೋನೇ ಬೇಕು, ಅಗಲಕ್ಕೆ, ಅಂಚಿಂದ ಅಂಚಿಗೆ. ನಾನು ತೆಗೆದಿರೋದ್ರಲ್ಲೆಲ್ಲ ಇದೇ ಮೇಲು. ತೆರೆದು ನೋಡಿ, ಖುಷಿಯಾಗತ್ತೆ."

ಅವನು ತೆರೆದ.

ಮದುವೆಯ ಸಭಾಂಗಣದ ಹೊರಗಿನ ಅಂಗಳ. ಎಡ ತುದಿಯಲ್ಲಿ ಅವಳು, ಮದುವೆಯ ಬಟ್ಟೆಯಲ್ಲಿ, ಫೋಟೋದ ಹೊರಗಿನ ಯಾರನ್ನೋ ನೋಡಿ ಬಾಯಿ ತುಂಬ ನಗುತ್ತಿದ್ದಾಳೆ. ಬಲ ತುದಿಯಲ್ಲಿ ಅವನು, ಇನ್ನೊಂದು ಕಡೆಗೆ ತಿರುಗಿ, ಅವನೂ ನಗುತ್ತಿದ್ದಾನೆ. ನಡುವೆ ಹತ್ತು ಹೆಜ್ಜೆಯ ಅಂಗಳ. ಆ ಅಂಗಳದ ನಡುಮಧ್ಯೆ ಅವಳ ಅಪ್ಪ, ಎರಡೂ ಕೈಯಲ್ಲಿ ಒಂದೊಂದು ಪ್ಲಾಸ್ಟಿಕ್ ಕುರ್ಚಿ ಹಿಡಿದು, ಮದುವೆ ಯಾರದಾದರೇನು ಕುರ್ಚಿ ಸೇರಬೇಕಾದ ಕಡೆ ಸೇರಬೇಕು ಅನ್ನುವ ಗತ್ತಿನಲ್ಲಿ ನಡೆದು ಬರುತ್ತಿದ್ದಾರೆ.

ಅವನು ಫೋಟೋವನ್ನು ನೋಡಿದ. ಅಗಲ ಆರು ಸಾವಿರ ಪಿಕ್ಸೆಲ್, ತೂಕ ಹದಿನೆಂಟು ಎಂಬಿ. ಮುಖಪುಟಕ್ಕೆ ಹೀಗೇ ಹಾಕಿದರೆ ಫೋನು ತೆರೆಯುವಷ್ಟರಲ್ಲಿ ಗಿರಾಕಿಗೆ ಎರಡು ಮಕ್ಕಳಾಗಿರುತ್ತವೆ, ಕುಗ್ಗಿಸಬೇಕು ಅಂದುಕೊಂಡ. ಬೇರೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತಲ್ಲ ಅಂತ ಕಾದ. ಹಲ್ಲು ಕೀಳುವ ಮುಂಚೆ ಸೂಜಿ ಕೊಟ್ಟ ದವಡೆಯನ್ನು ಬೆರಳಿನಿಂದ ತಟ್ಟಿ ನೋಡುತ್ತಾರಲ್ಲ, ಹಾಗೆ ತನ್ನನ್ನೇ ತಟ್ಟಿಕೊಂಡು ನೋಡಿದ. ಏನೂ ಇಲ್ಲ.

ಅವಳು ಹೋಗಿ ಹತ್ತು ತಿಂಗಳು. ಜಗಳವಾಡಿ ಹೋದವಳಲ್ಲ. "ಗೋಡೆ ಜೊತೆಗಾದ್ರೂ ಸಂಸಾರ ಮಾಡಬಹುದು, ಗೋಡೆ ಅಟ್ಲೀಸ್ಟ್ ಮನೆ ನಿಲ್ಲಿಸತ್ತೆ" ಅಂದಿದ್ದಳು, ಅಷ್ಟೇ. ಕಾಗದಪತ್ರ ಇಬ್ಬರ ಒಪ್ಪಿಗೆಯಿಂದಲೇ ಮುಗಿದಿತ್ತು. ಇದು ಅಕ್ಕನಿಗೆ ಗೊತ್ತು, ವಕೀಲರಿಗೆ ಗೊತ್ತು. ಕೆಲಸದ ಕಡೆಯವರಲ್ಲಿ ಒಬ್ಬರಿಗೂ ಅವನು ಹೇಳಿರಲಿಲ್ಲ. "ಹೆಂಡತಿ ಬಿಟ್ಟು ಹೋದಳು" ಅನ್ನುವ ಮೂರು ಪದ ಈವರೆಗೆ ಅವನ ಬಾಯಿಂದ ಹೊರಬಿದ್ದಿಲ್ಲ. ಬೀಳದಿದ್ದರೆ ಅದು ಇನ್ನೂ ಪೂರ್ತಿ ಆಗಿಲ್ಲ ಅನ್ನುವಂತೆ ಅವನು ಹಲ್ಲು ಕಚ್ಚಿ ಹಿಡಿದಿದ್ದ.

"ಏನೋ ಅದು, ಕಲ್ಲಿನ ಹಾಗೆ ಕೂತಿದೀಯ?" ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಕೊರಳಲ್ಲಿ ಅಳತೆಯ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ. ಪರದೆ ಕಂಡವಳು ಸೂಜಿಗಳನ್ನು ಬಾಯಿಂದ ತೆಗೆದಳು. "ಇದ್ಯಾಕೆ ಈಗ?"

"ಕೆಲಸ ಬಂದಿದೆ. ಫ್ಲ್ಯಾಶ್‌ಗೆ ವೆಬ್‌ಸೈಟ್ ಬೇಕಂತೆ."

"ಬೇಡ ಅಂತ ಬರಿ."

"ಯಾಕೆ?"

"ಯಾಕೆ ಅಂತೆ! ಅವರಿಬ್ಬರ ಮುಖ ಇಟ್ಕೊಂಡು ಆರು ವಾರ ಕೂತಿರ್ತೀಯಾ?"

"ಒಂದು ಮುಖ ನಂದೇ, ಅಕ್ಕಾ."

"ಆ ಮುಖ ನಾನು ನೋಡಿ ಎಷ್ಟು ದಿನ ಆಯ್ತು ಗೊತ್ತಾ?" ಅಂದು ಅಕ್ಕ ಸೂಜಿಗಳನ್ನು ಮತ್ತೆ ಬಾಯಿಗಿಟ್ಟುಕೊಂಡು ಮಷೀನಿಗೆ ಹೋದಳು. ಮಷೀನು ಒಂದು ನಿಮಿಷ ಅಕ್ಕನ ಪರವಾಗಿ ಬೈಯಿತು.

ಅವನು ಉತ್ತರ ಬರೆದ. ಐದು ಪುಟ ಸರಿ. ಆರು ವಾರ ಸರಿ, ಆದರೆ ಫೋಟೋ ಮತ್ತು ಬರಹ ಎರಡನೇ ವಾರದ ಕೊನೆಗೆ ಕೈಸೇರಬೇಕು, ಒಂದು ದಿನ ತಡವಾದರೆ ಮುಗಿಯುವುದೂ ಒಂದು ದಿನ ತಡ. ಪಾಸ್‌ವರ್ಡ್ ಹಾಕಿ ಆಲ್ಬಮ್ ಆರಿಸುವುದು ಈ ಬಜೆಟ್ಟಿಗೆ ಕೂರುವುದಿಲ್ಲ, ಅದೇ ಒಂದು ಬೇರೆ ಕೆಲಸ, ಮೇಳ ಮುಗಿದ ಮೇಲೆ ನೋಡೋಣ. ತಿದ್ದುಪಡಿ ಎರಡು ಸುತ್ತು. ಹೋಸ್ಟಿಂಗ್ ನಿಮ್ಮ ಹೆಸರಲ್ಲೇ ಇರಲಿ, ನಾಳೆ ನಾನು ಸತ್ತರೂ ನಿಮ್ಮ ವೆಬ್‌ಸೈಟ್ ಸಾಯಬಾರದು. ಕೊನೆಯಲ್ಲಿ, ಬೆರಳು ತಾನಾಗಿಯೇ ಆರನೆಯ ನೇಮಕ್ಕೆ ಹೋಯಿತು: ಗ್ಯಾಲರಿ ಮತ್ತು ಮುಖಪುಟದ ಫೋಟೋಗಳಲ್ಲಿ ಇರುವ ಎಲ್ಲಾ ಜೋಡಿಗಳ ಒಪ್ಪಿಗೆ, ಇಬ್ಬರದೂ ಬೇರೆ ಬೇರೆಯಾಗಿ, ಬರವಣಿಗೆಯಲ್ಲಿ.

ಈ ನೇಮಕ್ಕೊಂದು ಹಿನ್ನೆಲೆ ಇತ್ತು. ಮೂರು ವರ್ಷದ ಹಿಂದೆ ಒಂದು ಜಿಮ್ಮಿನವನು ಕೊಟ್ಟ ಫೋಟೋಗಳನ್ನು ಇವನು ಕಣ್ಣುಮುಚ್ಚಿ ಏರಿಸಿದ್ದ. ಅದರಲ್ಲಿದ್ದ ಹೆಂಗಸು ಒಂದು ದಿನ ಇದೇ ಅಂಗಡಿಗೆ ಬಂದು, ಅಕ್ಕನ ಗಿರಾಕಿಗಳೆಲ್ಲರ ಎದುರು, "ನನ್ನನ್ನ ಕೇಳಿದ್ಯಾ? ನನ್ನ ಮೈ ಹಾಕೋಕೆ ನನ್ನನ್ನ ಕೇಳಿದ್ಯಾ?" ಅಂದಿದ್ದಳು. ಜಿಮ್ಮಿನವನು "ಹಾಕಿದ್ದು ವೆಬ್‌ಸೈಟಿನವನು" ಅಂತ ಕೈ ತೊಳೆದುಕೊಂಡಿದ್ದ. ಅವತ್ತು ಇವನು ತಲೆ ತಗ್ಗಿಸಿ ನಿಂತವನು, ಇನ್ನೊಮ್ಮೆ ಹಾಗೆ ನಿಲ್ಲುವುದಿಲ್ಲ ಅಂತ ನಿರ್ಧರಿಸಿದ್ದ.

ಉತ್ತರ ಕಳಿಸಿದ ಹತ್ತೇ ನಿಮಿಷಕ್ಕೆ ಫೋನು ಬಂತು.

"ಅಣ್ಣಾ! ಏನಣ್ಣಾ ಇದು, ಕೋರ್ಟಿನ ನೋಟಿಸ್ ಥರ ಬರೆದಿದೀರ! ಎಲ್ಲಾ ಓಕೆ. ಒಪ್ಪಿಗೆ ಎಲ್ಲರಿಗೂ ಮೆಸೇಜ್ ಹಾಕಿ ತಗೋತೀನಿ, ಒಂದು ಪಟ್ಟಿ ಮಾಡ್ತೀನಿ. ನಿಮ್ಮದಂತೂ ಸಲೀಸು. ನೀವು ನೀವೇ. ಮನೇಲಿ ಅತ್ತಿಗೇನ ಒಂದು ಮಾತು ಕೇಳಿ ಪಟ್ಟೀಲಿ ನೀವೇ 'ಹೌದು' ಅಂತ ಹಾಕ್ಬಿಡಿ. ಅತ್ತಿಗೆ ಹೇಗಿದಾರೆ?"

ಇಲ್ಲೇ ಹೇಳಿಬಿಡಬಹುದಿತ್ತು. ಮೂರು ಪದ.

"ಚೆನ್ನಾಗಿದಾಳೆ" ಅಂದ.

"ಅವರ ಅಪ್ಪ? ಕುರ್ಚಿ ಯಜಮಾನರು?"

ಅವಳ ಅಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. ಸುದ್ದಿ ಅಕ್ಕನಿಂದ ಬಂದಿತ್ತು. ಅವನು ಅವತ್ತು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಅವರ ಬೀದಿಯ ತಿರುವಿನವರೆಗೆ ಹೋಗಿದ್ದ. ಅಲ್ಲಿ ಬೀಗ ಹಾಕಿದ್ದ ಒಂದು ಬೇಕರಿಯ ಮುಂದೆ ಕಾಲು ಗಂಟೆ ನಿಂತು, ಯಾವ ಲೆಕ್ಕದಲ್ಲಿ ಒಳಗೆ ಹೋಗಲಿ ಅಂತ ತೋಚದೆ ವಾಪಸು ಬಂದಿದ್ದ. ಇನ್ನೊಬ್ಬರ ಮನೆಯ ಸಾವಿಗೆ ಅಳಿಯನಾಗಿ ಹೋಗುವಂತಿರಲಿಲ್ಲ. ಹೊರಗಿನವನಾಗಿ ಹೋಗುವುದು ಗೊತ್ತಿರಲಿಲ್ಲ.

"ಇದಾರೆ" ಅಂದ.

ಫೋನು ಇಟ್ಟ ಮೇಲೆ ಮೇಜಿನ ಮೇಲಿದ್ದ ಗುಂಡಿ ಡಬ್ಬವನ್ನು ತೆಗೆದು ಗೋಡೆಗೆ ಎಸೆಯಬೇಕು ಅನ್ನಿಸಿತು. ಕೈ ಏಳಲಿಲ್ಲ. ಸಿಟ್ಟು ಇತ್ತು, ಎಲ್ಲೋ ಇತ್ತು. ಪಕ್ಕದ ಮನೆಯವರ ಟಿವಿಯ ಸದ್ದಿನ ಹಾಗೆ. ಪದ ತಿಳಿಯುವುದಿಲ್ಲ, ಗೋಡೆ ಮಾತ್ರ ಸಣ್ಣಗೆ ಅದುರುತ್ತಿರುತ್ತದೆ.

ಕೆಲಸ ಶುರುವಾಯಿತು. ಕೆಲಸ ಅಂದರೆ ಅವನಿಗೆ ಯಾವತ್ತೂ ತೊಂದರೆಯಿಲ್ಲ. ಪುಟಗಳ ನಕ್ಷೆ, ಬಣ್ಣ, ಅಕ್ಷರ. ಫ್ಲ್ಯಾಶ್ ಹೇಳಿದ ಮಾತಿಗೆ ತಪ್ಪದೆ ಎರಡನೇ ವಾರದ ಕೊನೆಗೆ ಫೋಟೋಗಳ ಫೋಲ್ಡರ್ ಕಳಿಸಿದ, ಜೊತೆಗೆ ಒಪ್ಪಿಗೆಯ ಪಟ್ಟಿ. ಇಪ್ಪತ್ಮೂರು ಜೋಡಿ. ಎದುರಿಗೆ ಎರಡು ಕಾಲಂ, ವಧು, ವರ. ಇಪ್ಪತ್ತೆರಡು ಸಾಲಿನಲ್ಲಿ ಹೌದು, ಹೌದು. ಪಕ್ಕದಲ್ಲಿ ಮೆಸೇಜಿನ ಚಿತ್ರ ಸಮೇತ. ಒಬ್ಬಳು "ಹಾಕಿ, ಆದರೆ ಮೂಗು ಚಿಕ್ಕದು ಮಾಡಿ" ಅಂತ ಬರೆದಿದ್ದಳು. ಕೊನೆಯ ಸಾಲು ಖಾಲಿ ಇತ್ತು.

ವರನ ಕಾಲಮ್ಮಿನಲ್ಲಿ ಅವನು ಹೌದು ಅಂತ ಹಾಕಿದ. ವಧುವಿನ ಕಾಲಮ್ಮಿನ ಮುಂದೆ ಕೂತ. ಅವಳ ನಂಬರು ಫೋನಿನಲ್ಲಿ ಇನ್ನೂ "ಮನೆ" ಅಂತಲೇ ಇತ್ತು. ಹತ್ತು ತಿಂಗಳಲ್ಲಿ ಒಮ್ಮೆಯೂ ಒತ್ತಿರದ ನಂಬರಿಗೆ, ಮೊದಲ ಸಲ, ವೆಬ್‌ಸೈಟಿಗೆ ಫೋಟೋ ಹಾಕಲಾ ಅಂತ ಕೇಳುವುದೇ? ಅವಳು ನಗುತ್ತಾಳೆ. ನಕ್ಕರೂ ಪರವಾಗಿಲ್ಲ, ನಗದೆ ಸುಮ್ಮನಿದ್ದರೆ?

ಹೌದು ಅಂತ ಒತ್ತಿ, ಪಟ್ಟಿ ಮುಚ್ಚಿದ. ಎರಡೇ ಅಕ್ಷರ. ಆರನೆಯ ನೇಮ ಅಲ್ಲಿಗೆ ಮುರಿದು ಬಿತ್ತು, ಸದ್ದೇ ಆಗಲಿಲ್ಲ.

ಗ್ಯಾಲರಿಯ ಎಪ್ಪತ್ತು ಫೋಟೋಗಳನ್ನು ಕುಗ್ಗಿಸಿದ. ಪ್ರತಿಯೊಂದಕ್ಕೂ ಒಂದು ಸಾಲಿನ ವಿವರಣೆ ಬರೆದ. ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುತ್ತದೆ, ಹುಡುಕುವವರಿಗೂ ಅದರಿಂದಲೇ ಫೋಟೋ ಸಿಗುವುದು. 'ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುತ್ತಿರುವ ವರ.' 'ಅಜ್ಜಿಯ ಕಿವಿಯಲ್ಲಿ ಏನೋ ಹೇಳುತ್ತಿರುವ ವಧು.' ಅದು ಅವನ ಐದನೆಯ ನೇಮ: ಕಂಡದ್ದನ್ನು ಬರೆ, ಊಹಿಸಿದ್ದನ್ನು ಬರೆಯಬೇಡ. ಎಪ್ಪತ್ತೂ ಮುಗಿದವು. ಮುಖಪುಟದ ಫೋಟೋದ ವಿವರಣೆಯ ಜಾಗದಲ್ಲಿ ಕರ್ಸರು ಮಿನುಗುತ್ತಾ ಇತ್ತು. ಏನು ಕಾಣುತ್ತಿದೆ? ಗಂಡ ಹೆಂಡತಿ ಅನ್ನಬೇಕೇ? ಆಮೇಲೆ ನೋಡೋಣ ಅಂತ ಬಿಟ್ಟ.

ನಾಲ್ಕನೇ ವಾರ ಫ್ಲ್ಯಾಶ್ ತಾನೇ ಅಂಗಡಿಗೆ ಬಂದ. ಸಣಕಲು ದೇಹ, ಎರಡೂ ಹೆಗಲಿಗೆ ಒಂದೊಂದು ಚೀಲ, ಕೂತಲ್ಲಿ ಕೂರದ ಜೀವ. ಅಕ್ಕನಿಗೆ ನಮಸ್ಕಾರ ಹೇಳಿ, ಗೊಂಬೆಗೆ ಹಾಕಿದ್ದ ಕೋಟಿನ ಫೋಟೋ ತೆಗೆದು, ಗುಂಡಿ ಡಬ್ಬ ಒಂದನ್ನು ಬೀಳಿಸಿ, ಕೊನೆಗೆ ಗೂಡಿನ ಸ್ಟೂಲಿನ ಮೇಲೆ ಕೂತ.

ದೊಡ್ಡ ಪರದೆಯ ಮೇಲೆ ಮುಖಪುಟ ತೆರೆದುಕೊಂಡಿತು. ಅಂಚಿಂದ ಅಂಚಿಗೆ. ಎಡಕ್ಕೆ ಅವಳ ನಗು, ಬಲಕ್ಕೆ ಅವನದು, ನಡುವೆ ಅಂಗಳ.

"ಅಣ್ಣಾ..." ಫ್ಲ್ಯಾಶ್ ಕೈಯನ್ನು ಎದೆಯ ಮೇಲಿಟ್ಟುಕೊಂಡ. "ಸಾಕು. ಬೇರೆ ಏನೂ ಬೇಡ. ಇರಿ, ಫೋನಲ್ಲಿ ನೋಡ್ತೀನಿ."

ಫೋನಿನಲ್ಲಿ ತೆರೆದ. ತೆರೆದವನು ಹುಬ್ಬು ಗಂಟು ಹಾಕಿದ. "ಇದೇನಿದು? ಕುರ್ಚಿ ಮಾವ ಒಬ್ರೇ ಇದಾರೆ!"

ನಿಜ. ಪರದೆ ಅಗಲವಿದ್ದಾಗ ಫೋಟೋ ಪೂರ್ತಿ ಕೂರುತ್ತದೆ. ಫೋನು ಉದ್ದ, ಅಗಲವಿಲ್ಲ. ಫೋಟೋ ಎತ್ತರಕ್ಕೆ ತುಂಬಿಕೊಂಡರೆ ಎರಡು ಬದಿಯೂ ಕತ್ತರಿಸಿ ಹೋಗುತ್ತದೆ, ಬೇರೆ ಏನೂ ಹೇಳದಿದ್ದರೆ ನಡುಭಾಗ ಉಳಿಯುತ್ತದೆ. ನಡುಭಾಗ ಅಂದರೆ ಮಾವ, ಎರಡು ಕುರ್ಚಿ, ಅಂಗಳದ ನೆಲ.

"ಬದಿ ಯಾವುದು ಉಳೀಬೇಕು ಅಂತ ನಾವು ಹೇಳಬಹುದು" ಅವನು ವಿವರಿಸಿದ. "ಒಂದು ಅಂಕಿ ಅಷ್ಟೇ. ಸೊನ್ನೆ ಅಂದ್ರೆ ಎಡ ತುದಿ. ನೂರು ಅಂದ್ರೆ ಬಲ ತುದಿ. ಈಗ ಐವತ್ತಿದೆ."

"ಇಬ್ರೂ ಬರೋ ಹಾಗೆ?"

"ಇಬ್ರೂ ಬರಲ್ಲ. ಇಬ್ರೂ ಬರಬೇಕು ಅಂದ್ರೆ ಫೋಟೋ ಒಂದು ಪಟ್ಟಿ ಆಗತ್ತೆ, ಕಡ್ಡಿಪೆಟ್ಟಿಗೆ ಅಷ್ಟು. ಇಲ್ಲ, ಫೋನಿಗೆ ಬೇರೆ ಫೋಟೋ ಹಾಕೋಣ."

"ಬೇರೆ ಫೋಟೋನಾ? ಗಿರಾಕಿ ನೋಡೋದೇ ಫೋನಲ್ಲಿ, ನನ್ನ ಒಳ್ಳೇ ಫೋಟೋ ಲ್ಯಾಪ್‌ಟಾಪಲ್ಲಿಟ್ಟು ಪೂಜೆ ಮಾಡ್ಲಾ? ಅತ್ತಿಗೆನ ಹಿಡೀರಿ ಅಣ್ಣಾ. ನೀವು ಬೇಜಾರು ಮಾಡ್ಕೋಬೇಡಿ, ಮದುವೆ ಫೋಟೋಗ್ರಾಫರ್ ಹತ್ರ ಬರೋದು ಹುಡುಗೀರೇ. ವರ ಅನ್ನೋನು ಲೈಟ್ ಸ್ಟ್ಯಾಂಡ್ ಇದ್ದ ಹಾಗೆ. ಇರಬೇಕು, ಕಾಣಬಾರದು."

ಅವನು ಐವತ್ತನ್ನು ಅಳಿಸಿ ಎಂಟು ಅಂತ ಬರೆದ. ಫ್ಲ್ಯಾಶ್ ಫೋನಿನಲ್ಲಿ ಪುಟವನ್ನು ಬೆರಳಿಂದ ಒಮ್ಮೆ ಕೆಳಕ್ಕೆ ಎಳೆದು ಬಿಟ್ಟ, ಅದು ಮತ್ತೆ ತೆರೆದುಕೊಂಡಿತು. ಅಂಗಳ ಸರಿಯಿತು. ಮಾವ ಸರಿದರು. ಅವಳು ಒಬ್ಬಳೇ ಫೋನಿನ ತುಂಬ ನಿಂತಳು, ನಗುತ್ತಾ, ಹೊರಗಿನ ಯಾರನ್ನೋ ನೋಡುತ್ತಾ.

"ಅಬ್ಬಾ! ಈಗ ನೋಡಿ! ಅಣ್ಣಾ, ಅತ್ತಿಗೆಗೆ ಒಂದು ವಿಡಿಯೋ ಕಾಲ್ ಮಾಡಿ, ಈಗಲೇ ತೋರಿಸೋಣ. ಮುಖ ನೋಡ್ಬೇಕು ನಾನು."

ಮುಂದಿನ ಕೋಣೆಯಲ್ಲಿ ಮಷೀನು ನಿಂತಿತು.

"ಕೆಲಸದಲ್ಲಿರ್ತಾಳೆ" ಅವನು ಅಂದ. "ಸಂಜೆ ತೋರಿಸ್ತೀನಿ."

ಫ್ಲ್ಯಾಶ್ ಚೀಲಗಳನ್ನು ಏರಿಸಿಕೊಂಡು, ಅಕ್ಕನಿಗೆ ಇನ್ನೊಂದು ನಮಸ್ಕಾರ ಹಾಕಿ ಹೋದ. ಅಕ್ಕ ಒಳಗೆ ಬಂದಳು. ಕೂರಲಿಲ್ಲ.

"ಅವಳನ್ನ ಕೇಳಿದ್ಯಾ?"

ಅವನು ಪರದೆಯ ಕಡೆಗೆ ತಿರುಗಿದ.

"ನೋಡು, ನೀನು ಅವಳ ಜೊತೆ ಮಾತಾಡು ಅಂತ ನಾನು ಒಂದು ದಿನ ಹೇಳಿಲ್ಲ. ಹೇಳಿದೀನಾ? ನಿನ್ನ ಬಾಯಿ, ನಿನ್ನ ಬೀಗ. ಆದ್ರೆ ಆ ಜಿಮ್ಮಿನ ಹೆಂಗಸು ಇದೇ ಜಾಗದಲ್ಲಿ ನಿಂತು ಕೇಳಿದ್ಲಲ್ಲ, 'ನನ್ನನ್ನ ಕೇಳಿದ್ಯಾ' ಅಂತ. ಅವತ್ತು ರಾತ್ರಿ ಅನ್ನ ಮುಟ್ಟಿರಲಿಲ್ಲ ನೀನು. ಯಾರೋ ಬೀದೀಲಿ ಹೋಗೋಳಿಗೆ ಒಂದು ನ್ಯಾಯ, ಮೂರು ವರ್ಷ ಜೊತೆಗಿದ್ದೋಳಿಗೆ ಇನ್ನೊಂದಾ?"

"ಅವಳೇನು ಅಂಗಡಿಗೆ ಬಂದು ಕೂಗಾಡಲ್ಲ."

"ಅದೇ ಮತ್ತೆ. ಕೂಗಾಡಲ್ಲ ಅಂತ ಧೈರ್ಯ ನಿಂಗೆ." ಅಕ್ಕ ನೆಲದಲ್ಲಿ ಚೆಲ್ಲಿದ್ದ ಗುಂಡಿಗಳನ್ನು ಬಗ್ಗಿ ಆರಿಸತೊಡಗಿದಳು. "ಅವತ್ತೂ ಅವಳು ಕೂಗಾಡಲಿಲ್ಲ."

ಅವನೂ ಬಗ್ಗಿದ. ಇಬ್ಬರೂ ಗುಂಡಿ ಆರಿಸಿದರು. ಎಲ್ಲಾ ಡಬ್ಬ ಸೇರಿದ ಮೇಲೆ ಅಕ್ಕ ಹೋದಳು. ಅವನು ಪಟ್ಟಿ ತೆರೆದು ಕೊನೆಯ ಸಾಲಿನ ವಧುವಿನ ಕಾಲಮ್ಮಿನಿಂದ ಆ ಎರಡು ಅಕ್ಷರ ಅಳಿಸಿದ. ಒಂದೂವರೆ ಗಂಟೆಗೆ ಅವಳ ಊಟದ ಬಿಡುವು ಅಂತ ಗೊತ್ತಿತ್ತು. ಹಲ್ಲಿನ ಆಸ್ಪತ್ರೆಯೊಂದರ ರಿಸೆಪ್ಷನ್ನಿನಲ್ಲಿ ಕೂರುವವಳು. ಒಂದು ಮೂವತ್ತೈದಕ್ಕೆ "ಮನೆ" ಒತ್ತಿದ.

"ಹೇಳು" ಅಂದಳು. ಹತ್ತು ತಿಂಗಳಲ್ಲ, ಹತ್ತು ನಿಮಿಷದ ಹಿಂದೆ ಮಾತು ನಿಲ್ಲಿಸಿದವಳ ಹಾಗೆ.

"ಊಟ ಆಯ್ತಾ?"

"ಮಾಡ್ತಿದೀನಿ. ಏನಾಯ್ತು? ಅಕ್ಕ ಹುಷಾರಾಗಿದಾರಾ?"

"ಹುಷಾರಾಗಿದಾಳೆ. ಒಂದು ಕೆಲಸದ ವಿಷಯ." ಅವನು ಎದುರಿಗೆ ಬರೆದಿಟ್ಟುಕೊಂಡಿದ್ದನ್ನು ಓದಿದ ಹಾಗೆ ಹೇಳಿದ. ಫೋಟೋಗ್ರಾಫರ್, ವೆಬ್‌ಸೈಟ್, ಮುಖಪುಟ, ಅಂಗಳದ ಫೋಟೋ, ಫೋನಿನಲ್ಲಿ ಅವಳೊಬ್ಬಳೇ ಉಳಿಯುವುದು. ಆಮೇಲೆ ಬರೆದಿಟ್ಟುಕೊಳ್ಳದ್ದು ಬಂತು. "ನಿನ್ನ ಒಪ್ಪಿಗೆ ಬೇಕು. ನಾನು ಕೇಳದೇನೇ ಹೌದು ಅಂತ ಹಾಕಿದ್ದೆ. ಈಗ ತೆಗೆದಿದೀನಿ."

ಆ ಕಡೆ ಚಮಚ ತಟ್ಟೆಗೆ ತಾಗಿದ ಸದ್ದು. "ಅವನಿಗೆ ಹೇಳಿಲ್ವಾ, ನಮ್ಮ ವಿಷಯ?"

"ಇಲ್ಲ."

"ಯಾರಿಗೂ ಹೇಳಿಲ್ಲ ಅಲ್ವಾ?"

"ಇಲ್ಲ."

"ನಾನು ಇಲ್ಲಿ ಡಾಕ್ಟರಿಂದ ಹಿಡಿದು ಕಸ ಗುಡಿಸೋರವರೆಗೆ ಎಲ್ರಿಗೂ ಹೇಳಿದೀನಿ. ಹೇಳಿದ್ರೆ ಹಗುರ ಆಗತ್ತೆ ಅಂತಾರೆ. ಏನೂ ಆಗಲ್ಲ. ಆದ್ರೆ ಜನ ಕೇಳೋದು ನಿಲ್ಲಿಸ್ತಾರೆ, ಅಷ್ಟೇ ಲಾಭ." ತಟ್ಟೆ ಪಕ್ಕಕ್ಕೆ ಸರಿಸಿದ ಸದ್ದು. "ಯಾವ ಫೋಟೋ ಅಂದೆ? ಅಪ್ಪ ಕುರ್ಚಿ ಎತ್ಕೊಂಡು ಬರ್ತಿರೋದಾ?"

"ಅದೇ."

"ಆಲ್ಬಮ್ ನಿನ್ನ ಹತ್ರ ಉಳೀತು. ಕೇಳೋಣ ಅನ್ಕೊಂಡೆ. ಅಪ್ಪ ಹೋದ್ಮೇಲೆ ಮನೇಲಿ ಹುಡುಕಿದ್ರೆ ಅವರದ್ದು ಇರೋದೆಲ್ಲ ಗುರುತಿನ ಚೀಟಿ ಫೋಟೋಗಳೇ. ಎಲ್ಲದರಲ್ಲೂ ಕಳ್ಳನ ಹಾಗೆ ನಿಂತಿದಾರೆ. ಅವರು ಅವರ ಹಾಗೇ ನಡ್ಕೊಂಡು ಬರ್ತಿರೋದು ಅದೊಂದರಲ್ಲೇ."

ಅವನಿಗೆ ಈಗ ಹೇಳಬೇಕಿತ್ತು. "ನಾನು ಅವತ್ತು ಬಂದಿದ್ದೆ. ಬೇಕರಿ ತನಕ."

"ಗೊತ್ತು. ಚಿಕ್ಕಪ್ಪ ನೋಡಿದ್ರಂತೆ. ಬರ್ತೀಯೇನೋ ಅಂತ ಬಾಗಿಲು ಸ್ವಲ್ಪ ಹೊತ್ತು ತೆಗೆದೇ ಇಟ್ಟಿದ್ದೆ."

ಅವಳ ಹಿಂದೆ ಯಾರೋ ಟೋಕನ್ ನಂಬರು ಕೂಗಿದರು.

"ಸರಿ" ಅವಳು ಅಂದಳು. "ಹಾಕ್ಕೊಳ್ಳಲಿ. ಮೆಸೇಜಲ್ಲಿ ಬರೆದು ಕಳಿಸ್ತೀನಿ, ನಿಂಗೆ ಬರವಣಿಗೇಲೇ ಬೇಕಲ್ಲ. ಆದ್ರೆ ಎರಡು ವಿಷಯ. ಒಂದು, ಆ ಫೋಟೋದ ದೊಡ್ಡ ಫೈಲ್ ನಂಗೆ ಬೇಕು, ಮೂಲದ್ದು, ಗೋಡೆಗೆ ಹಾಕೋಕೆ. ಎರಡು, ಫೋನಲ್ಲಿ ನನ್ನೊಬ್ಬಳನ್ನೇ ಕತ್ತರಿಸಿ ಹಾಕೋದು ಬೇಡ. ನಾನು ಯಾರ ಮದುವೆ ಜಾಹೀರಾತೂ ಅಲ್ಲ. ಅವನಿಗೆ ಹೇಳು. ನೀನೇ ಹೇಳು."

"ಹೇಳ್ತೀನಿ."

"ಊಟ ಮಾಡು" ಅಂದು ಅವಳು ಇಟ್ಟಳು.

ಮೆಸೇಜು ಎರಡು ನಿಮಿಷಕ್ಕೆ ಬಂತು. ಅಂಗಳದ ಫೋಟೋ ಅಗಲಕ್ಕೆ ಹಾಕಲು ನನ್ನ ಒಪ್ಪಿಗೆ ಇದೆ, ಕತ್ತರಿಸಿ ನನ್ನನ್ನು ಒಬ್ಬಳನ್ನೇ ತೋರಿಸಲು ಇಲ್ಲ. ಅವನು ಅದರ ಚಿತ್ರ ತೆಗೆದು ಪಟ್ಟಿಗೆ ಸೇರಿಸಿದ. ಆಮೇಲೆ ಫ್ಲ್ಯಾಶ್‌ಗೆ ಫೋನು ಮಾಡಿದ.

"ಅಣ್ಣಾ! ಅತ್ತಿಗೆ ಏನಂದ್ರು?"

"ಅವಳು ಬಿಟ್ಟು ಹೋಗಿದಾಳೆ" ಅವನು ಅಂದ. "ಹತ್ತು ತಿಂಗಳಾಯ್ತು. ಮಾವನೂ ಇಲ್ಲ ಈಗ. ಅವತ್ತು ಸುಳ್ಳು ಹೇಳಿದೆ."

ಅವನು ಕಾದ. ಏನೋ ಕುಸಿಯುತ್ತದೆ ಅಂತ ಕಾದ. ಏನೂ ಕುಸಿಯಲಿಲ್ಲ. ಮುಂದಿನ ಕೋಣೆಯ ಮಷೀನು ಕೂಡ ನಿಲ್ಲಲಿಲ್ಲ. ಹತ್ತು ತಿಂಗಳು ಹಲ್ಲು ಕಚ್ಚಿ ಹಿಡಿದದ್ದು ಇಷ್ಟೇನಾ ಅಂತ ಮಾತ್ರ ಅನ್ನಿಸಿತು, ಅದೂ ದೂರದಿಂದ.

ಫ್ಲ್ಯಾಶ್ ಮೊದಲ ಬಾರಿಗೆ ಕೂತಲ್ಲಿ ಕೂತಿದ್ದ ಅಂತ ಫೋನಿನಲ್ಲೇ ಗೊತ್ತಾಯಿತು. "ಥೂ" ಅಂದ, ತನಗೇ. "ನಾನೊಬ್ಬ ಕೋತಿ. ಆ ಫೋಟೋ ತೆಗೆದು ಬಿಡಿ ಅಣ್ಣಾ. ಬೇರೆ ಹಾಕೋಣ."

"ಬೇಡ. ಅವಳು ಒಪ್ಪಿದಾಳೆ. ದೊಡ್ಡ ಪರದೇಲಿ ಇದೇ ಇರಲಿ. ಫೋನಲ್ಲಿ ಅವಳೊಬ್ಬಳೇ ಬೇಡ ಅಂದಿದಾಳೆ."

"ಹಂಗಾದ್ರೆ ನಿಮ್ಮನ್ನ ಹಿಡೀರಿ."

"ನನ್ನ ಒಪ್ಪಿಗೆ ಇಲ್ಲ."

ಫ್ಲ್ಯಾಶ್ ನಗಲು ಹೋಗಿ ನಿಲ್ಲಿಸಿದ. "ಉಳಿದಿದ್ದು?"

"ಐವತ್ತು."

"ಕುರ್ಚಿ ಮಾವ." ಫ್ಲ್ಯಾಶ್ ಯೋಚಿಸಿದ. "ಅವತ್ತು ನನ್ನ ಲೈಟ್ ಸ್ಟ್ಯಾಂಡೂ ಅವರೇ ಹೊತ್ತಿದ್ರು ಅಣ್ಣಾ. ಬೇಡ ಬೇಡ ಅಂದ್ರೂ. 'ನಿನ್ನ ಹೆಗಲಿಗೆ ಇಷ್ಟು ಚೀಲ ಇದೆ, ನನ್ನ ಹೆಗಲು ಖಾಲಿ ಇದೆಯಲ್ಲಪ್ಪ' ಅಂತ. ಮೇಳದಲ್ಲಿ ಜನ ನಗ್ತಾರೆ, ಮದುವೆ ವೆಬ್‌ಸೈಟಲ್ಲಿ ಕುರ್ಚಿ ಹೊತ್ತಿರೋ ಯಜಮಾನ್ರು ಅಂತ. ನಗಲಿ. ಹಾಕಿ. ಅವರ ಮನೆಯವರು ಒಪ್ತಾರಾ?"

"ಕೇಳ್ತೀನಿ" ಅಂದ. ಈ ಸಲ ಅದು ಸುಳ್ಳಾಗಿರಲಿಲ್ಲ. ಮೆಸೇಜು ಹಾಕಿದ: ಫೋನಿನಲ್ಲಿ ನಿನ್ನ ಅಪ್ಪ ಒಬ್ಬರೇ ಬರುತ್ತಾರೆ, ಆಗಬಹುದಾ? ಉತ್ತರ ಬರಲು ಸಂಜೆಯಾಯಿತು. ಆಗಬಹುದು, ಅಂತ ಒಂದೇ ಪದ. ಅದನ್ನೂ ಪಟ್ಟಿಗೆ ಸೇರಿಸಿದ. ಪಟ್ಟಿಗೆ ಒಂದು ಸಾಲು ಹೆಚ್ಚಾಯಿತು, ವಧುವೂ ಅಲ್ಲ ವರನೂ ಅಲ್ಲ ಅನ್ನುವ ಸಾಲು.

ಫ್ಲ್ಯಾಶ್ ಮೂಲ ಫೈಲು ಕಳಿಸಿದ. ಅವನು ಅದನ್ನು ಅವಳಿಗೆ ಡೌನ್‌ಲೋಡ್ ಲಿಂಕಾಗಿ ಕಳಿಸಿದ, ಏಳು ದಿನಕ್ಕೆ ಮುಗಿಯುವಂಥದ್ದು. ಆಮೇಲೆ ಎಂಟನ್ನು ಅಳಿಸಿ ಐವತ್ತು ಬರೆದ. ತನ್ನ ಫೋನಿನಲ್ಲಿ ತೆರೆದು ನೋಡಿದ. ಎಡ ತುದಿಯಲ್ಲಿ ಅವಳಿಲ್ಲ, ಬಲ ತುದಿಯಲ್ಲಿ ತಾನಿಲ್ಲ. ಅಂಗಳ, ಎರಡು ಕುರ್ಚಿ, ನಡೆದು ಬರುತ್ತಿರುವ ಮಾವ. ನೇರ ನೋಡಿದರೆ ಇವನ ಕಡೆಗೇ ಬರುತ್ತಿದ್ದಾರೆ, ಕೂತ್ಕೋ ಅನ್ನುವವರ ಹಾಗೆ.

ಅಕ್ಕ ಶಟರಿನ ಹತ್ತಿರ ನಿಂತು ಕೂಗಿದಳು. "ಬರ್ತೀಯೋ, ಒಳಗೇ ಬೀಗ ಹಾಕ್ಲೋ?"

"ಒಂದು ಸಾಲು ಬಾಕಿ ಇದೆ ಅಕ್ಕಾ."

ವಿವರಣೆಯ ಖಾಲಿ ಜಾಗದಲ್ಲಿ ಕರ್ಸರು ಮಿನುಗುತ್ತಿತ್ತು. ಐದನೆಯ ನೇಮ, ಕಂಡದ್ದನ್ನು ಬರೆ. ಅವನು ಬರೆದ: 'ಮದುವೆಯ ದಿನ, ಎರಡು ಕುರ್ಚಿ ಹಿಡಿದು ಅಂಗಳ ದಾಟುತ್ತಿರುವ ಹುಡುಗಿಯ ಅಪ್ಪ. ಎರಡು ತುದಿಯಲ್ಲಿ ನಗುತ್ತಿರುವ ಇಬ್ಬರು.'

ಉಳಿಸಿ, ಪರದೆ ಆರಿಸಿ ಎದ್ದ. ಹೊರಡುವಾಗ ಫೋನು ನೋಡಿದ. ಲಿಂಕಿನ ಕೆಳಗೆ ಡೌನ್‌ಲೋಡ್ ಸಂಖ್ಯೆ ಒಂದು ಅಂತಿತ್ತು.